ಎಳೆದು ಬಿಟ್ಟ ತಂತಿಯ ನೆತ್ತಿ ಚಪ್ಪಟೆಯಾಗುವುದು ಯಾಕೆ?

ಪ್ರಶ್ನೆ: ಸರ್, ಎರಡೂ ತುದಿ ಬಿಗಿದ ತಂತಿಯನ್ನು ನಟ್ಟನಡುವೆ h ಎತ್ತರಕ್ಕೆ ಎಳೆದು ಬಿಡುವ ಲೆಕ್ಕ. ವೇರಿಯಬಲ್‌ಗಳನ್ನು ಬೇರ್ಪಡಿಸಿ ಸೈನ್ ಶ್ರೇಣಿ ತಂದೆ. ಗ್ರಾಫ್ ಹಾಕಿದರೆ ತ್ರಿಕೋನ ಚಿಕ್ಕದಾಗುವ ಬದಲು ಅದರ ನೆತ್ತಿ ಚಪ್ಪಟೆಯಾಗುತ್ತೆ. ಎಲ್ಲಿ ತಪ್ಪಿದೆ? ಇನ್ನೊಂದು, ಶ್ರೇಣಿಯನ್ನು ಎರಡು ಸಲ ಡಿಫರೆನ್ಷಿಯೇಟ್ ಮಾಡಿದರೆ ಅದು ಕನ್ವರ್ಜ್ ಆಗೋದೇ ಇಲ್ಲ. ಮತ್ತೆ ಅದು ಸಮೀಕರಣಕ್ಕೆ ಉತ್ತರ ಹೇಗಾಯ್ತು? (ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎಲ್ಲೂ ತಪ್ಪಿಲ್ಲ, ಗ್ರಾಫ್ ಸರಿಯಾಗಿದೆ. ತ್ರಿಕೋನ ಆಕಾರ ಕೆಡದೆ ಹಾಗೇ ಕುಗ್ಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಆದರೆ ಹಾಗೆ ಕುಗ್ಗಲು ತಂತಿಗೆ ಕಾರಣವೇ ಇಲ್ಲ. u_tt = c² u_xx ಏನು ಹೇಳುತ್ತದೆ ನೋಡಿ. ತಂತಿಯ ಒಂದು ಚೂರಿಗೆ ವೇಗೋತ್ಕರ್ಷ ಬರಬೇಕಾದರೆ ಅಲ್ಲಿ ತಂತಿ ಬಾಗಿರಬೇಕು. ನಿಮ್ಮ ತ್ರಿಕೋನದ ಎರಡು ಬದಿಗಳೂ ನೆಟ್ಟಗಿನ ಗೆರೆಗಳು. ಅಲ್ಲಿನ ಯಾವುದೇ ಚೂರನ್ನು ತೆಗೆದುಕೊಂಡರೂ ಎಡಗಡೆಯ ಎಳೆತಕ್ಕೂ ಬಲಗಡೆಯ ಎಳೆತಕ್ಕೂ ಸರಿಹೋಗುತ್ತದೆ, ಅದು ಅಲ್ಲಾಡುವುದಿಲ್ಲ. ಬಾಗಿರುವುದು ನಡುವಿನ ಮೂಲೆಯೊಂದರಲ್ಲೇ. ಹಾಗಾಗಿ ಕೈ ಬಿಟ್ಟ ತಕ್ಷಣ ಆ ಮೂಲೆ ಎರಡಾಗಿ ಒಡೆದು, ಒಂದು ಎಡಕ್ಕೆ ಒಂದು ಬಲಕ್ಕೆ, c ವೇಗದಲ್ಲಿ ಓಡುತ್ತದೆ. ಮೂಲೆ ಇನ್ನೂ ಬಂದು ಮುಟ್ಟದ ಜಾಗದಲ್ಲಿ ತಂತಿ ಮೊದಲಿದ್ದ ಹಾಗೇ ನಿಂತಿರುತ್ತದೆ. ಆ ಎರಡು ಮೂಲೆಗಳ ನಡುವಿನ ಭಾಗವೇ ನಿಮಗೆ ಕಂಡ ಚಪ್ಪಟೆ ನೆತ್ತಿ.

ಇದನ್ನು ನಿಮ್ಮ ಶ್ರೇಣಿಯಿಂದಲೇ ಹೊರತೆಗೆಯಬಹುದು. ನೀವು ತಂದಿರುವುದು ಇದು ತಾನೆ:

```
u(x,t) = Σ bₙ sin(nπx/L) cos(nπct/L)
bₙ = (8h/π²n²) sin(nπ/2)
```

ಪಿಯುಸಿಯಲ್ಲಿ ಕಲಿತ ಸೂತ್ರ ಹಾಕಿ sin A cos B ಅನ್ನು ½[sin(A+B) + sin(A−B)] ಎಂದು ಬರೆಯಿರಿ. ಪ್ರತಿ ಪದವೂ ಎರಡು ತುಂಡಾಗುತ್ತದೆ, ಒಂದರಲ್ಲಿ x+ct, ಇನ್ನೊಂದರಲ್ಲಿ x−ct. ಎಲ್ಲ ಕೂಡಿಸಿದರೆ:

```
u(x,t) = ½ [F(x+ct) + F(x−ct)]
```

ಇಲ್ಲಿ F ಅಂದರೆ ನಿಮ್ಮ ಆರಂಭದ ತ್ರಿಕೋನವೇ. ಆದರೆ 0 ಮತ್ತು L ಆಚೆಗೂ ಅದು ಬೇಕು, ಅಲ್ವಾ? ಸೈನ್ ಶ್ರೇಣಿ ಅದನ್ನು ತಾನೇ ತೀರ್ಮಾನ ಮಾಡಿಬಿಟ್ಟಿದೆ: F(−x) = −F(x), ಮತ್ತು 2L ಗೊಮ್ಮೆ ಅದೇ ಆಕಾರ ಮತ್ತೆ ಬರುತ್ತದೆ. ಪ್ರೋಗ್ರಾಮ್ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಆಚೆಗೆ F ಸೊನ್ನೆ ಅಂತ ಬಿಟ್ಟರೆ ಅಥವಾ ಚಿಹ್ನೆ ಬದಲಿಸದೆ ಮಡಚಿದರೆ, ಬಿಗಿದಿರಬೇಕಾದ ತುದಿಯೇ ಮೇಲಕ್ಕೆ ಏಳುತ್ತದೆ. ಗ್ರಾಫ್‌ನಲ್ಲಿ ತುದಿ ಅಲ್ಲಾಡಿದರೆ ಮೊದಲು F ಅನ್ನು ಹೇಗೆ ವಿಸ್ತರಿಸಿದ್ದೀರಿ ಅಂತ ನೋಡಿ.

ಈಗ L = 1, c = 1, h = 1 ಇಟ್ಟುಕೊಂಡು t = 1/4 ಹೊತ್ತಿನ ಆಕಾರ ನೋಡೋಣ. ನಡುವೆ, x = 1/2 ರಲ್ಲಿ, ½[F(3/4) + F(1/4)] = ½[½ + ½] = ½. ಸ್ವಲ್ಪ ಎಡಕ್ಕೆ, x = 1/4 ರಲ್ಲಿ, ½[F(1/2) + F(0)] = ½[1 + 0], ಅದೂ ½. ಸಮತಟ್ಟು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ. ಇನ್ನೂ ಎಡಕ್ಕೆ x = 1/8 ಗೆ ಹೋದರೆ ½[F(3/8) + F(−1/8)] = ½[¾ − ¼] = ¼. ಕೈ ಬಿಡುವ ಮೊದಲೂ ಅಲ್ಲಿ ತಂತಿಯ ಎತ್ತರ ¼ ಇತ್ತು. ಅಂದರೆ ಮೂಲೆ ಇನ್ನೂ ಅಲ್ಲಿಗೆ ಬಂದಿಲ್ಲ, ಆ ಬಿಂದು ಒಂದಿಷ್ಟೂ ಕದಲಿಲ್ಲ. t = 1/2 ಹೊತ್ತಿಗೆ ಇಡೀ ತಂತಿ ಸೊನ್ನೆಯಲ್ಲಿ ನೆಟ್ಟಗಿರುತ್ತದೆ, ಆದರೆ ಕೆಳಕ್ಕೆ ಹೋಗುವ ವೇಗ ಇದೆ, ಆದ್ದರಿಂದ ಅಲ್ಲಿಗೇ ನಿಲ್ಲುವುದಿಲ್ಲ. t = 1 ಕ್ಕೆ ತ್ರಿಕೋನ ತಲೆಕೆಳಗಾಗಿ ಪೂರ್ತಿ ಆಳಕ್ಕೆ ಇಳಿದಿರುತ್ತದೆ.

ಶ್ರೇಣಿಯೂ ಇದನ್ನೇ ಹೇಳುತ್ತದಾ ಅಂತ ನೋಡಬೇಕಾದರೆ x = 1/2, t = 1/4 ಹಾಕಿ ಕೂಡಿಸುತ್ತಾ ಹೋಗಿ. n = 1 ಒಂದೇ ಇಟ್ಟರೆ 0.573, n = 3 ಸೇರಿಸಿದರೆ 0.509, n = 5 ಕ್ಕೆ 0.487, n = 7 ಕ್ಕೆ 0.498. ನಾಲ್ಕೇ ಪದಗಳಲ್ಲಿ ½ ರ ಪಕ್ಕಕ್ಕೆ ಬಂದಿತು.

ಇಲ್ಲಿ ಒಂದು ಸಾಮಾನ್ಯ ಎಡವಟ್ಟನ್ನೂ ಹೇಳಿಬಿಡುತ್ತೇನೆ. sin(nπ/2) ಬೆಸ ಸಂಖ್ಯೆಗಳಿಗೆ +1, −1, +1, −1 ಎಂದು ಬದಲಾಗುತ್ತದೆ. "ಬೆಸಕ್ಕೆ 1, ಸಮಕ್ಕೆ 0" ಅಂತ ಸುಮ್ನೆ ಬರೆದುಕೊಂಡು ಮುಂದೆ ಹೋಗುವವರು ಜಾಸ್ತಿ. ಹಿಡಿಯುವುದು ಸುಲಭ: t = 0 ಯಲ್ಲಿ ಗ್ರಾಫ್ ಹಾಕಿ. ಚಿಹ್ನೆ ಸರಿ ಇದ್ದರೆ ನಡುವಿನ ಎತ್ತರ h ಗೆ ಬರುತ್ತದೆ. ಚಿಹ್ನೆ ಬಿಟ್ಟಿದ್ದರೆ ಸುಮಾರು 0.74h ಗೇ ನಿಲ್ಲುತ್ತದೆ, ಮೂಲೆಯ ಬದಲು ದುಂಡನೆಯ ಗುಡ್ಡ ಕಾಣುತ್ತದೆ, ತುದಿಗಳಲ್ಲಿ ಅದು ವಿಪರೀತ ಕಡಿದು. t = 0 ಯ ಗ್ರಾಫ್ ನೋಡದೆ ಮುಂದಿನ ಯಾವ ಗ್ರಾಫನ್ನೂ ನಾನು ನಂಬುವುದಿಲ್ಲ.

ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. bₙ ಕುಗ್ಗುವುದು 1/n² ಲೆಕ್ಕದಲ್ಲಿ. ಎರಡು ಸಲ ಡಿಫರೆನ್ಷಿಯೇಟ್ ಮಾಡಿದರೆ ಮೇಲೆ n² ಬರುತ್ತದೆ, ಎರಡೂ ಹೊಡೆದುಹೋಗಿ ಪದಗಳು ಕುಗ್ಗುವುದೇ ನಿಲ್ಲುತ್ತದೆ. ನೀವು ಹೇಳಿದ್ದು ಸರಿ, ಆ ಶ್ರೇಣಿ ಕನ್ವರ್ಜ್ ಆಗುವುದಿಲ್ಲ. ಮೂಲೆಯಲ್ಲಿ ಇಳಿಜಾರು ಒಮ್ಮೆಲೇ ಬದಲಾಗುವುದರಿಂದ ಅಲ್ಲಿ u_xx ಎಂಬುದೇ ಇಲ್ಲ. ಶ್ರೇಣಿ ತನ್ನ ರೀತಿಯಲ್ಲಿ ಅದನ್ನೇ ಹೇಳುತ್ತಿದೆ. ಈ ಜಗಳ ಹಳೆಯದು. 1747ರಲ್ಲಿ ಡಾಲಂಬರ್ ಎರಡು ಅಲೆಗಳ ಈ ಉತ್ತರ ಕೊಟ್ಟಾಗ, ಮೂಲೆ ಇರುವ ಆಕಾರಗಳನ್ನು ಅವರು ಒಪ್ಪಲಿಲ್ಲ. ಕೈಯಿಂದ ಎಳೆದ ತಂತಿಗೆ ಮೂಲೆ ಇದ್ದೇ ಇರುತ್ತದಲ್ಲ, ಅದನ್ನೂ ಸೇರಿಸಿಕೊಳ್ಳಬೇಕು ಎಂಬುದು ಆಯ್ಲರ್ ಪಟ್ಟು. 1753ರಲ್ಲಿ ಡೇನಿಯಲ್ ಬರ್ನೌಲಿ ಎಲ್ಲವೂ ಸೈನ್‌ಗಳ ಮೊತ್ತ ಅಂದಾಗ ಇವರಿಬ್ಬರೂ ಅದನ್ನು ಒಪ್ಪಲಿಲ್ಲ.

ಈಗ ನಾವು ಆಯ್ಲರ್ ಕಡೆಗೇ ವಾಲುತ್ತೇವೆ. F(x+ct) ಮತ್ತು F(x−ct) ಗೆ ಅರ್ಥ ಇರಲು ಡೆರಿವೇಟಿವ್ ಬೇಕಿಲ್ಲ. ಮೂಲೆಗಳು ಓಡುವ ದಾರಿ ಬಿಟ್ಟು ಉಳಿದೆಡೆ ಸಮೀಕರಣ ನೇರವಾಗಿ ಒಪ್ಪುತ್ತದೆ. ಮೂಲೆಯನ್ನು ಚೂರೇ ಚೂರು ದುಂಡಗೆ ಮಾಡಿದರೆ ಎಲ್ಲೆಡೆ ಒಪ್ಪುತ್ತದೆ, ಆ ದುಂಡನ್ನು ಕಡಿಮೆ ಮಾಡುತ್ತಾ ಹೋದರೆ ಉತ್ತರಗಳು ನಿಮ್ಮ ಉತ್ತರದ ಹತ್ತಿರಕ್ಕೇ ಬರುತ್ತವೆ. ಇಂಥದ್ದನ್ನು ದುರ್ಬಲ ಪರಿಹಾರ ಅನ್ನುತ್ತಾರೆ. ಪರೀಕ್ಷೆಯಲ್ಲಿ ಶ್ರೇಣಿ ಬರೆದು, ಪದ ಪದವಾಗಿ ಎರಡು ಸಲ ಡಿಫರೆನ್ಷಿಯೇಟ್ ಮಾಡಿ "ಸರಿಹೋಯಿತು" ಅಂತ ಬರೆಯಬೇಡಿ. ಎರಡು ಅಲೆಗಳ ರೂಪಕ್ಕೆ ತಂದು ತೋರಿಸಿ.

ನಿಜವಾದ ತಂತಿಯಲ್ಲಿ ಇದು ಎಷ್ಟು ಹೊತ್ತಿನ ಆಟ? 65 ಸೆಂ.ಮೀ. ಉದ್ದದ ಗಿಟಾರ್ ತಂತಿ 110 ಹರ್ಟ್ಸ್‌ಗೆ ಶ್ರುತಿಯಾಗಿದ್ದರೆ c = 2 × 0.65 × 110 = 143 ಮೀ/ಸೆ. ಮೇಲೆ ಲೆಕ್ಕ ಹಾಕಿದ ಚಪ್ಪಟೆ ಆಕಾರ ಬರುವುದು L/4c ಹೊತ್ತಿಗೆ, ಅಂದರೆ ಎಳೆದು ಬಿಟ್ಟ ಸುಮಾರು 1.1 ಮಿಲಿಸೆಕೆಂಡಿನಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ. ತಂತಿಯ ಬಿರುಸು ಮತ್ತು ಗಾಳಿಯ ತಡೆಯಿಂದ ಮೂಲೆ ಬೇಗ ದುಂಡಗಾಗುತ್ತದೆ, ಏಕೆಂದರೆ ದೊಡ್ಡ n ಇರುವ ಪದಗಳೇ ಮೊದಲು ಸಾಯುತ್ತವೆ.

ತುದಿ ಬಿಗಿದಿದೆ ಅನ್ನುವುದೂ ಎಲ್ಲ ವಾದ್ಯಕ್ಕೂ ನಿಜವಲ್ಲ. ನಿಮ್ಮ ಲೆಕ್ಕದಲ್ಲಿ ಸಮ n ಇರುವ ಪದಗಳೆಲ್ಲ ಮಾಯವಾಗಿವೆ, ಏಕೆಂದರೆ ನಡುವೆ ಎಳೆದಿರಿ. ತಂಬೂರಿಯಲ್ಲಿ ಈ ನಿಯಮ ನಡೆಯುವುದಿಲ್ಲ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಅಲ್ಲಿ ತಂತಿ ಅಗಲವಾದ ಕುದುರೆಯ ಮೇಲೆ ಜೀವಾಳದ ಎಳೆಯ ಜೊತೆ ಕೂತಿರುತ್ತದೆ, ಕಂಪಿಸುವಾಗ ಕುದುರೆಯನ್ನು ಮುಟ್ಟಿ ಬಿಡುತ್ತಾ ಇರುತ್ತದೆ. u(0,t) = 0 ಅಂತ ಒಂದೇ ಬಿಂದುವಿನಲ್ಲಿ ಬರೆಯಲು ಅಲ್ಲಿ ಬರುವುದಿಲ್ಲ, ಹಾಗಾಗಿ ಇಲ್ಲಿನ ಶ್ರೇಣಿಯನ್ನು ಅಲ್ಲಿಗೆ ಒಯ್ಯಬೇಡಿ.