ಆ್ಯಪ್ ಬೇಡ, ಮೊದಲು ದಿನಾಂಕ ಸರಿಮಾಡಿಕೊಳ್ಳಿ

"ಮೈಸೂರಿನಲ್ಲಿ ಸಣ್ಣ ವ್ಯಾಪಾರ ನನ್ನದು. ಯಾರ ಜೊತೆ ಏನು ಮಾತನಾಡಿದ್ದೆ ಎಂಬುದೇ ಮರೆತುಹೋಗುತ್ತಿದೆ. ಗೂಗಲ್ ಶೀಟ್ ಸಾಕೇ, ದುಡ್ಡು ಕೊಟ್ಟು ಆ್ಯಪ್ ತೆಗೆದುಕೊಳ್ಳಲೇ?"

ದುಡ್ಡು ಕೊಡಬೇಡಿ. ಶೀಟೋ ಆ್ಯಪೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಬರೆದಿಟ್ಟ ಮಾತು ಬೇಕಾದ ದಿನ ಕಣ್ಣಿಗೆ ಬೀಳಬೇಕು, ಅಷ್ಟೇ. ನನಗೆ ಬೀಳಲಿಲ್ಲ.

ಮಂಡ್ಯದ ಸುತ್ತಲಿನ ಆಲೆಮನೆಗಳಿಂದ ಬೆಲ್ಲ ಕೊಂಡು ಮೈಸೂರಿನ ಅಂಗಡಿಗಳಿಗೆ ಹಾಕುವವನು ನಾನು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕಿತ್ತು. ಪಾಂಡವಪುರದ ಕಡೆಯ ಆಲೆಮನೆಯೊಂದರ ಯಜಮಾನರು, "ಹಬ್ಬಕ್ಕೆ ಕೆಮಿಕಲ್ ಹಾಕದ ಅಚ್ಚು ಬೆಲ್ಲ ಮಾಡಿಸುತ್ತೇನೆ. ಮಾರ್ಚ್ ಐದಕ್ಕೆ ಒಂದು ಫೋನ್ ಮಾಡಪ್ಪ, ನಿನಗೇ ಎತ್ತಿಡುತ್ತೇನೆ" ಎಂದಿದ್ದರು. ನನ್ನ ಶೀಟಿನಲ್ಲಿ ಒಂದು ಮಾತುಕತೆಗೆ ಒಂದು ಸಾಲು: ದಿನಾಂಕ, ಊರು ಸೇರಿಸಿದ ಹೆಸರು, ಅವರು ಆಡಿದ ಮಾತು, ಮುಂದೆ ಯಾವಾಗ. ಕೊನೆಯ ಕಾಲಂನಲ್ಲಿ 5/3/2023 ಎಂದು ಬರೆದೆ. ಗಡುವು ಬಂದ ಸಾಲು ಕೆಂಪಾಗಲೆಂದು ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಈ ಸೂತ್ರವನ್ನೂ ಹಾಕಿದ್ದೆ:

```
=AND($D2<>"",$D2<=TODAY())
```

ಮಾರ್ಚ್ ಐದು ಬಂದಿತು, ಹೋಯಿತು; ಸಾಲು ಕೆಂಪಾಗಲಿಲ್ಲ. ಶೀಟಿನ Locale, ಅಂದರೆ ಯಾವ ದೇಶದ ರೂಢಿಯಂತೆ ದಿನಾಂಕ ಓದಬೇಕೆಂಬ ಸೆಟ್ಟಿಂಗ್, ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಶೀಟ್ ಅದನ್ನು ಮೇ 3 ಎಂದು ಓದಿಕೊಂಡಿತ್ತು. ಪರದೆಯ ಮೇಲೆ ಮಾತ್ರ ನಾನು ಬರೆದಂತೆಯೇ 5/3/2023 ಕಾಣುತ್ತಿತ್ತು, ಅನುಮಾನ ಬರುವುದಾದರೂ ಹೇಗೆ? 25/3/2023 ಎಂದು ಬರೆದಿದ್ದ ಸಾಲುಗಳ ಗತಿ ಇನ್ನೂ ಕೆಟ್ಟದ್ದು. 25ನೇ ತಿಂಗಳು ಇಲ್ಲವಲ್ಲ, ಶೀಟ್ ಅವನ್ನು ದಿನಾಂಕವೆಂದೇ ಒಪ್ಪದೆ ಬರೀ ಅಕ್ಷರಗಳಾಗಿ ಉಳಿಸಿಕೊಂಡಿತ್ತು. ಅಂಥ ಸಾಲು ಎಂದಿಗೂ ಕೆಂಪಾಗುವುದಿಲ್ಲ.

ನಾನು ಫೋನ್ ಮಾಡುವಷ್ಟರಲ್ಲಿ ಬೆಲ್ಲವೆಲ್ಲ ಬೇರೆಯವರ ಪಾಲಾಗಿತ್ತು. "ನೀನು ಕೇಳಲೇ ಇಲ್ಲವಲ್ಲಪ್ಪ" ಎಂದರು ಯಜಮಾನರು. ಬೆಲ್ಲ ಹೋದದ್ದಕ್ಕಿಂತ, ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ ಎಂದು ಅವರಿಗೆ ಅನ್ನಿಸಿತಲ್ಲ, ಅದು ಇಂದಿಗೂ ನೋಯುತ್ತದೆ.

ನಿಮ್ಮ ಶೀಟನ್ನು ಈಗಲೇ ತೆರೆದು ನೋಡಿ. ನೀವಾಗಿ ಜೋಡಣೆ ಬದಲಿಸಿರದಿದ್ದರೆ, ನಿಜವಾದ ದಿನಾಂಕ ಕೋಶದ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ತಿರುವುಮುರುವಾದ ದಿನಾಂಕವೂ ಬಲಕ್ಕೇ ಇರುವುದರಿಂದ ಇಷ್ಟರಿಂದ ಅದು ಸಿಕ್ಕಿಬೀಳುವುದಿಲ್ಲ. ತಿಂಗಳ ಹೆಸರು ಕಾಣುವಂತೆ ಕಾಲಂನ ಫಾರ್ಮ್ಯಾಟನ್ನು `dd-mmm-yyyy` ಮಾಡಿದರೆ 03-May-2023 ಎಂದು ತಾನಾಗಿ ಬಯಲಾಗುತ್ತದೆ. ಆಮೇಲೆ File, Settingsಗೆ ಹೋಗಿ Localeನಲ್ಲಿ India ಆರಿಸಿ. ಇದರಿಂದ ಹಳೆಯ ಸಾಲುಗಳು ಸರಿಹೋಗುವುದಿಲ್ಲ. ಒಳಗೆ ಕುಳಿತಿರುವುದು ಮೇ 3ರ ಸಂಖ್ಯೆಯೇ. ಅವನ್ನು ಒಂದೊಂದಾಗಿ ಮತ್ತೆ ಬರೆಯಬೇಕು. ನಾನಂತೂ ಈಗ 2023-03-05 ಎಂದು ವರ್ಷ ಮುಂದಿಟ್ಟೇ ಬರೆಯುತ್ತೇನೆ. Locale ಯಾವುದಿದ್ದರೂ ಶೀಟ್ ಅದನ್ನು ಮಾರ್ಚ್ 5 ಎಂದೇ ಓದುತ್ತದೆ.