ಎಂಜಿನ್ ಆಯಿಲ್‌ಗೆ ಮೂರು ಅಂಕಿ, ಯಾವುದು ಲೆಕ್ಕ?

“ಕಾರಿನ ಮ್ಯಾನ್ಯುವಲ್‌ನಲ್ಲಿ ಎಂಜಿನ್ ಆಯಿಲ್ 3.5, 3.7, 4.2 ಲೀಟರ್ ಅಂತಿದೆ, ಕೂಲಂಟ್ 5 ಲೀಟರ್. ಫಿಲ್ಟರ್ ಸಮೇತ ಬದಲಾಯಿಸಬೇಕು. ಎಷ್ಟೆಷ್ಟು ತರಲಿ?”

ಮೂರೂ ಬೇರೆ ಬೇರೆ ಕೆಲಸದ ಅಳತೆ ಇರಬೇಕು: ಬರೀ ಆಯಿಲ್, ಫಿಲ್ಟರ್ ಸಮೇತ, ಪೂರ್ತಿ ಬಿಚ್ಚಿ ಜೋಡಿಸಿದ ಒಣ ಎಂಜಿನ್. ಸಾಲಿನ ಪಕ್ಕದ ವಿವರ ನೋಡಿ ಖಚಿತಪಡಿಸಿಕೊಳ್ಳಿ. ಹಾಗಿದ್ದರೆ ನಿಮಗೆ ಬೇಕಾದ್ದು 3.7 ಲೀಟರ್; 4 ಲೀಟರ್ ಕ್ಯಾನ್ ತಂದರೆ ಸಾಕು. ಮೊದಲು 3.5 ಸುರಿದು, ಒಂದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದು ಹಾಕಿ. 4.2 ಸುರಿದರೆ ಕ್ರ್ಯಾಂಕ್ ತಗುಲಿ ಆಯಿಲ್ ನೊರೆಯಾಗಬಹುದು.

ಕೂಲಂಟ್‌ನ 5 ಸಾಮಾನ್ಯವಾಗಿ ಇಡೀ ವ್ಯವಸ್ಥೆಯದು. ರೇಡಿಯೇಟರ್ ಖಾಲಿ ಮಾಡಿದರೂ ಬ್ಲಾಕ್, ಹೀಟರ್‌ನಲ್ಲಿ ಒಂದಷ್ಟು ಉಳಿಯುತ್ತದೆ. ಇಳಿದದ್ದನ್ನು ಅಳೆದು ಅಷ್ಟೇ ತುಂಬಿ. ಮ್ಯಾನ್ಯುವಲ್ ಅರ್ಧಕ್ಕರ್ಧ ಮಿಶ್ರಣ ಹೇಳಿದ್ದರೆ ಎರಡೂವರೆ ಲೀಟರ್ ಕಾನ್ಸಂಟ್ರೇಟ್, ಅಷ್ಟೇ ಡಿಸ್ಟಿಲ್ಡ್ ವಾಟರ್ ತಂದರೆ ಸಾಕು. ಪ್ರೀಮಿಕ್ಸ್‌ಗೆ ನೀರು ಬೇಡ.