ಎರಡು ಸಲ ಬೋರ್ಡೋ ಬಿಟ್ಟರೂ ಕೊಳೆರೋಗ ಬಂದದ್ದೇಕೆ?

ಪ್ರಶ್ನೆ: ನಮ್ಮದು ಬದಿಯಡ್ಕ ಕಡೆಯ ಅಡಿಕೆ ತೋಟ. ಈ ವರ್ಷ ಎರಡು ಸಲ ಬೋರ್ಡೋ ಬಿಟ್ಟರೂ ತೋಡಿನ ಬದಿಯಲ್ಲಿ ಅರ್ಧದಷ್ಟು ಕಾಯಿ ಉದುರಿತು, ಗುಡ್ಡದ ಬದಿಗೆ ಏನೂ ಆಗಲಿಲ್ಲ. ಮಗಳ ಪಠ್ಯದಲ್ಲಿ 'ರೋಗ ತ್ರಿಕೋನ' ಎಂದು ಇದೆ. ಅದರಿಂದ ತೋಟಕ್ಕೆ ಏನಾದರೂ ಪ್ರಯೋಜನ ಇದೆಯೇ?

ನಿಮ್ಮ ಪ್ರಶ್ನೆ ಓದುವಾಗ ಪೆರ್ಲದ ಹತ್ತಿರದ ನಮ್ಮ ಕೆಳಗಿನ ತೋಟವೇ ಕಣ್ಣಿಗೆ ಬಂತು. ಒಂದು ವರ್ಷ ಮಳೆ ಮೇ ಕೊನೆಗೇ ಹಿಡಿದುಕೊಂಡಿತು. ಮರ ಹತ್ತುವವರು ಸಿಕ್ಕಿದ್ದು ಜೂನ್ 20ಕ್ಕೆ. ಅಷ್ಟರಲ್ಲಿ ಬುಡದಲ್ಲಿ ಹತ್ತಾರು ಕಾಯಿ ಬಿದ್ದಿದ್ದವು. ಮದ್ದು ಬಿಡಿಸಿದೆ, ಮತ್ತೆ ಜುಲೈಯಲ್ಲಿ ಇನ್ನೊಮ್ಮೆ ಬಿಡಿಸಿದೆ. ಆಟಿ ಮುಗಿಯುವಾಗ ಕೆಳಗಿನ ಗೊನೆಗಳಲ್ಲಿ ಅರ್ಧ ಬರಿದಾಗಿದ್ದವು. ತಪ್ಪು ಮದ್ದಿನದಲ್ಲ, ದಿನದ್ದು ಎಂಬುದು ನನಗೆ ತಿಳಿದದ್ದು ಈ ರೋಗದ ಜೀವನಚಕ್ರ ಅರ್ಥವಾದ ಮೇಲೆ.

ಕೊಳೆರೋಗ ತರುವುದು ಫೈಟೋಫ್ತೊರಾ. ಅದನ್ನು ಶಿಲೀಂಧ್ರವೆಂದೇ ಎಲ್ಲರೂ ಕರೆಯುತ್ತೇವೆ, 1910ರಲ್ಲಿ ಮೈಸೂರಿನಲ್ಲಿ ಇದನ್ನು ಅಭ್ಯಸಿಸಿ ಬರೆದ ಲೆಸ್ಲಿ ಕೋಲ್ಮನ್ ಕೂಡ ಹಾಗೆಯೇ ಎಣಿಸಿದ್ದರು. ಈಗಿನ ವಿಂಗಡಣೆಯಲ್ಲಿ ಅದು ನಿಜವಾದ ಶಿಲೀಂಧ್ರವಲ್ಲ, ಪಾಚಿಗಳಿಗೆ ಹತ್ತಿರದ ನೀರಿನ ಜೀವಿ. ಈ ವ್ಯತ್ಯಾಸ ತೋಟಗಾರನಿಗೂ ಬೇಕಾದದ್ದು, ಏಕೆಂದರೆ ಅದರ ಬಲವೆಲ್ಲ ಇರುವುದು ನೀರಿನಲ್ಲಿ ಈಜುವುದರಲ್ಲಿ.

ಬೇಸಗೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಮಣ್ಣಿನಲ್ಲಿ, ಹಿಂದಿನ ವರ್ಷ ಬಿದ್ದು ಉಳಿದ ಕಾಯಿಗಳಲ್ಲಿ, ಗೊನೆಯಲ್ಲೇ ಒಣಗಿ ನಿಂತ ಕಾಯಿಗಳಲ್ಲಿ, ಸುಳಿ ಕೊಳೆತು ಸತ್ತ ಮರದ ತಲೆಯಲ್ಲಿ ಕುಳಿತಿರುತ್ತದೆ. ಮಳೆ ಹಿಡಿದು ತೋಟ ತಂಪಾದಾಗ ಅಲ್ಲಿಂದ ಸಣ್ಣ ಸಣ್ಣ ಬೀಜಕಚೀಲಗಳು ಮೂಡುತ್ತವೆ. ಮಳೆಹನಿಯ ಸಿಡಿತ ಮತ್ತು ಗಾಳಿ ಅವನ್ನು ಗೊನೆಗೆ ಮುಟ್ಟಿಸುತ್ತವೆ. ಕಾಯಿಯ ಮೇಲೆ ತಣ್ಣನೆಯ ನೀರಿನ ತೆಳುಪದರ ಇದ್ದರೆ ಒಂದೊಂದು ಚೀಲವೂ ಒಡೆದು, ಬಾಲವಿರುವ ಹಲವು ಬೀಜಕಗಳನ್ನು ಬಿಡುತ್ತದೆ. ಅವು ಈಜುತ್ತಾ ಹೋಗಿ ಕಾಯಿಗೆ ಅಂಟಿ ಮೊಳೆತು ಒಳಗೆ ಇಳಿಯುತ್ತವೆ.

ಕೆಲವು ದಿನಗಳಲ್ಲಿ ತೊಟ್ಟಿನ ಬಳಿ, ನೀರಲ್ಲಿ ನೆಂದ ಹಾಗೆ ಕಡು ಹಸಿರಿನ ಕಲೆ ಕಾಣುತ್ತದೆ. ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಹತ್ತಿಯಂಥ ಬಿಳಿ ಬೂಸರು ಹರಡುತ್ತದೆ. ಆ ಬೂಸರಿನಲ್ಲಿ ಮತ್ತೆ ಬೀಜಕಚೀಲ, ಮತ್ತೆ ಮಳೆ, ಮತ್ತೆ ಪಕ್ಕದ ಗೊನೆ. ಒಂದೇ ಮಳೆಗಾಲದಲ್ಲಿ ಈ ಸುತ್ತು ಹಲವು ಸಲ ತಿರುಗುತ್ತದೆ.

ತ್ರಿಕೋನದ ಮೂರು ಬದಿ ಎಂದರೆ ರೋಗಕ್ಕೆ ಒಗ್ಗುವ ಗಿಡ, ರೋಗಾಣು ಮತ್ತು ಅದಕ್ಕೆ ಹೊಂದುವ ಹವಾಮಾನ. ಮೂರೂ ಒಟ್ಟಾದಾಗ ಮಾತ್ರ ರೋಗ. ಒಂದು ಬದಿ ಕುಸಿದರೆ ಉಳಿದೆರಡು ಎಷ್ಟೇ ಬಲವಾಗಿದ್ದರೂ ರೋಗ ನಿಲ್ಲುತ್ತದೆ. ನಮ್ಮಲ್ಲಿ ಜೂನ್ ಜುಲೈಯಲ್ಲಿ ಎಳೆಗಾಯಿ ಗೊನೆಯಲ್ಲಿರುತ್ತದೆ, ಆ ಬದಿಯನ್ನು ಬದಲಿಸಲಾಗದು. 20ರಿಂದ 23 ಡಿಗ್ರಿ ತಂಪು, ಬಿಡದ ಮಳೆ, ನಡುವೆ ಒಂದಿಷ್ಟು ಬಿಸಿಲು, ಇದು ರೋಗಕ್ಕೆ ಹೇಳಿ ಮಾಡಿಸಿದ ಹವೆ. ಮಳೆಯನ್ನು ನಾವು ನಿಲ್ಲಿಸಲಾರೆವು. ಆದರೆ ಕಾಯಿ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದು ಪೂರ್ತಿ ಮಳೆಯ ಕೈಯಲ್ಲಿ ಇಲ್ಲ. ನಿಮ್ಮ ಗುಡ್ಡದ ಬದಿಗೂ ತೋಡಿನ ಬದಿಗೂ ಬಿದ್ದದ್ದು ಒಂದೇ ಮಳೆ. ಮೇಲೆ ಗಾಳಿ ಆಡಿ ಗೊನೆ ಒಣಗಿತು, ಕೆಳಗೆ ನೆರಳು, ತೇವ, ನಿಂತ ನೀರು. ಬಹುತೇಕ ಇದೇ ಕಾರಣ.

ಈ ತ್ರಿಕೋನದಿಂದ ಯೋಜನೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಜೂನ್ ಆರಂಭದಲ್ಲಿ ತೋಟದಲ್ಲಿ 10 ರೋಗದ ಕಾಯಿ ಇವೆ, ಒಂದು ಸುತ್ತಿಗೆ ಒಂದು ವಾರ, ಒಂದು ಕಾಯಿಯಿಂದ 5 ಹೊಸ ಕಾಯಿಗೆ ರೋಗ ಹತ್ತುತ್ತದೆ ಎಂದುಕೊಳ್ಳಿ. ನಾಲ್ಕು ವಾರದಲ್ಲಿ ಅದು 6250 ಆಗುತ್ತದೆ. ನೀವು ತೋಟ ಶುಚಿ ಮಾಡಿ 10ನ್ನು 1ಕ್ಕೆ ಇಳಿಸಿದರೆ 625. ಒಳ್ಳೆಯದೇ, ಆದರೆ ರೋಗ ನಿಂತಿಲ್ಲ, ಹತ್ತು ದಿನ ತಡವಾಗಿದೆ ಅಷ್ಟೆ. ಅದೇ ಶುಚಿ ಮಾಡದೆ, ಒಂದು ಕಾಯಿಯಿಂದ 5ರ ಬದಲು 2ಕ್ಕೆ ಮಾತ್ರ ಹತ್ತುವಂತೆ ಮಾಡಿದರೆ 160. ಎರಡನ್ನೂ ಮಾಡಿದರೆ 16. ಹಾಗಾಗಿ ಕಾಯಿ ಹೆಕ್ಕುವುದೊಂದನ್ನೇ ನಂಬಬೇಡಿ, ಹಾಗೆಂದು ಬಿಡಲೂ ಬೇಡಿ. ಸುತ್ತಿನ ವೇಗ ತಗ್ಗಿಸುವುದು ಬೋರ್ಡೋ ಮತ್ತು ಗಾಳಿ ಬೆಳಕು.

ಬೋರ್ಡೋ ಕಾಯಿಯ ಮೇಲೆ ಕಾವಲು ಕೂರುವ ಮದ್ದು. ತಾಮ್ರದ ಪದರ ಮೊದಲೇ ಇದ್ದರೆ ಈಜಿ ಬಂದ ಬೀಜಕ ಅಲ್ಲೇ ಸಾಯುತ್ತದೆ. ಬೀಜಕ ಒಳಗೆ ಹೊಕ್ಕ ಮೇಲೆ ಆ ಕಾಯಿಯನ್ನು ಅದು ಉಳಿಸುವುದಿಲ್ಲ. ಆದ್ದರಿಂದ ಮೊದಲ ಸಿಂಪಡಣೆ ಮಳೆಗೆ ಮುಂಚೆಯೇ ಆಗಬೇಕು, ಮೇ ಕೊನೆ ದಾಟಬಾರದು. ಎರಡನೆಯದು 40ರಿಂದ 45 ದಿನಕ್ಕೆ. ಅಷ್ಟರಲ್ಲಿ ಮಳೆ ಪದರವನ್ನು ತೊಳೆದಿರುತ್ತದೆ, ಕಾಯಿ ಉಬ್ಬಿ ಮದ್ದಿಲ್ಲದ ಹೊಸ ಮೈ ಹೊರಬಂದಿರುತ್ತದೆ. ಮಳೆ ಎಳೆದರೆ ಮೂರನೆಯದೂ ಬೇಕು. ಎರಡನೆಯ ಸಲಕ್ಕೆ ಪುನರ್ವಸು, ಪುಷ್ಯದ ನಡುವೆ ಸಿಗುವ ಒಂದೆರಡು ಹೊಳವಿನ ದಿನಕ್ಕೆ ಕಾಯಬೇಕಾಗುತ್ತದೆ, ಒದ್ದೆ ಗೊನೆಗೆ ಬಿಟ್ಟ ಮದ್ದು ಇಳಿದುಹೋಗುತ್ತದೆ.

ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ಆಮೇಲೆ ಉಜ್ಜಿ ಹೊಳಪಿಸಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕವಚ ಹಿಡಿದರೆ ತುತ್ತು ಹೆಚ್ಚು, ಅದು ಕಾಯಿಯನ್ನು ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಬೇಕು. ಬಹುಮಂದಿ ಸೋಲುವುದು ಸುಣ್ಣದಲ್ಲಿ. ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಗಾಳಿ ಕುಡಿದ ಸುಣ್ಣದಲ್ಲಿ ಕಸುವು ಇರುವುದಿಲ್ಲ. ಕಲಸಿದ್ದನ್ನು ಅದೇ ದಿನ ಮುಗಿಸಿ. ದೋಟಿಯಿಂದ ಬಿಡುವವರು ಗೊನೆಯ ಒಂದೇ ಮಗ್ಗುಲು ತೋಯಿಸಿ ಮುಂದೆ ಹೋಗುವುದುಂಟು, ತೊಟ್ಟಿನ ಸುತ್ತ ನೀಲಿ ಹತ್ತಿದೆಯೇ ಎಂದು ಕೆಳಗಿನಿಂದಲೇ ನೋಡಬಹುದು.

ಉದುರಿದ್ದೆಲ್ಲ ಕೊಳೆಯಲ್ಲ. ಸಂಶಯವಿದ್ದರೆ ಬಿದ್ದ ಕಾಯಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಪಾತ್ರೆಯಲ್ಲಿ ಎರಡು ದಿನ ಇಡಿ. ಕಲೆಯ ಮೇಲೆ ಬಿಳಿ ಬೂಸರು ಬಂದರೆ ಕೊಳೆಯ ಶಂಕೆ ಬಲವಾಗುತ್ತದೆ, ಬಾರದಿದ್ದರೆ ಕೀಟವನ್ನೋ ಬೇರೆ ಕಾರಣವನ್ನೋ ಹುಡುಕಿ.

ನಿಮ್ಮ ತೋಟಕ್ಕೆ ನಾನು ಹೇಳುವುದು ಇಷ್ಟು. ಗೊನೆಯಲ್ಲಿ ಒಣಗಿ ನಿಂತದ್ದನ್ನು ಮತ್ತು ಸುಳಿ ಸತ್ತ ಮರವನ್ನು ಬೇಸಗೆಯಲ್ಲೇ ತೆಗೆದು ಸುಡಿ. ತೋಡಿನ ಬದಿಗೆ ಬಾಗಿದ ಕಾಡುಮರದ ಕೊಂಬೆ ಕಡಿಸಿ, ಕಣಿ ಬಿಡಿಸಿ. ಹತ್ತುವವರು ಒಂದೇ ದಿನಕ್ಕೆ ಸಿಕ್ಕಿದರೆ ಗುಡ್ಡದ ಮೇಲಿಂದ ಶುರು ಮಾಡಿಸುವ ರೂಢಿ ಬಿಟ್ಟು, ತೋಡಿನ ಸಾಲುಗಳಿಂದ ಮೇಲಕ್ಕೆ ಬರಲಿ.